ವರ್ಷದ ಸ್ಟೇಟ್‌ಮೆಂಟ್ ಎಕ್ಸೆಲ್‌ನಲ್ಲಿ ವಿಂಗಡಿಸಿದೆ, ಗ್ಯಾಸ್ ಖರ್ಚು 21,250 ಅಂತ ಬರ್ತಿದೆ. ಎಲ್ಲಿ ತಪ್ಪಿದೆ?

ಸುಜಾತಾ, ನಿಟ್ಟುವಳ್ಳಿ

ಎಲ್ಲರಿಗೂ ನಮಸ್ಕಾರ. ಮನೆ ಖರ್ಚಿನ ಲೆಕ್ಕಕ್ಕೆ ನನ್ನ ಖಾತೆಯ ಸ್ಟೇಟ್‌ಮೆಂಟ್ ತೆಗೆದಿದ್ದೇನೆ. ಏಪ್ರಿಲ್ 2024ರಿಂದ ಮಾರ್ಚ್ 2025ರವರೆಗೆ, ಒಟ್ಟು 1,186 ಸಾಲು. ತಿಂಗಳಿಗೆ ಇಷ್ಟು ಅಂತ ಎತ್ತಿಟ್ಟರೂ ವರ್ಷದ ಕೊನೆಗೆ ಕೈಯಲ್ಲಿ ಉಳಿಯೋದು ಕಮ್ಮಿ. ಎಲ್ಲಿ ಸೋರ್ತಿದೆ ಅಂತ ತಿಳಿಯಬೇಕು. ನನಗೆ ಗೊತ್ತಿಲ್ಲದೆ ಪ್ರತಿ ತಿಂಗಳು ಯಾವುದಾದರೂ ಹಣ ಕಟ್ ಆಗ್ತಿದೆಯಾ ಅನ್ನೋದೂ ನೋಡಬೇಕು.

ಮಗನ ಲ್ಯಾಪ್‌ಟಾಪ್‌ನಲ್ಲಿ ಎಕ್ಸೆಲ್ 2016 ಇದೆ. A ಕಾಲಂನಲ್ಲಿ ದಿನಾಂಕ, Bಯಲ್ಲಿ ವಿವರ, Cಯಲ್ಲಿ ಹೋದ ಹಣ, Dಯಲ್ಲಿ ಬಂದ ಹಣ. Eಯಲ್ಲಿ ಈ ತರಹ ಬರೆದೆ:

```
=IF(ISNUMBER(SEARCH("GAS",B2)),"ಗ್ಯಾಸ್",IF(ISNUMBER(SEARCH("MILK",B2)),"ಹಾಲು",IF(ISNUMBER(SEARCH("ATM",B2)),"ನಗದು","ಇತರೆ")))
```

ಹೀಗೇ ಹನ್ನೆರಡು IF ಒಳಗೊಳಗೆ ಹೋಗಿದೆ. ಕೆಲಸ ಮಾಡ್ತಿದೆ, ಆದರೆ ಒಟ್ಟು ಹಾಕಿದರೆ ಗ್ಯಾಸ್‌ಗೆ 21,250 ರೂಪಾಯಿ! ನಮ್ಮ ಮನೆಗೆ ವರ್ಷಕ್ಕೆ ಏಳು ಸಿಲಿಂಡರ್ ಸಾಕು. ಆರು ಸಾವಿರ ದಾಟಲ್ಲ. ಎಲ್ಲಿ ತಪ್ಪಿದೆ ಹೇಳ್ತೀರಾ?

ಮಂಜುನಾಥ ಕೆ.

ಮೇಡಂ, ಇಷ್ಟುದ್ದ IF ಯಾಕೆ? ಒಂದು ಪಟ್ಟಿ ಮಾಡಿ VLOOKUP ಹಾಕಿ, ಐದು ನಿಮಿಷದ ಕೆಲಸ. ಪ್ರತಿ ತಿಂಗಳು ಕಟ್ ಆಗೋದು ಬೇಕಂದ್ರೆ ಮೊತ್ತದ ಕಾಲಂ ಮೇಲೆ COUNTIF ಹಾಕಿ. ಒಂದೇ ಮೊತ್ತ ಹತ್ತು ಸಲಕ್ಕಿಂತ ಜಾಸ್ತಿ ಬಂದಿದ್ರೆ ಅದೇ ನಿಮ್ಮ ಸೋರಿಕೆ.

ತಿಪ್ಪೇಶ್

ನನಗೂ ಇದೇ ಸಮಸ್ಯೆ. ಬ್ಯಾಂಕಿನಿಂದ ಬಂದ ಪಿಡಿಎಫ್ ತೆರೆಯೋಕೇ ಆಗ್ತಿಲ್ಲ. ಪಾಸ್‌ವರ್ಡ್ ಕೇಳುತ್ತೆ. ಏನು ಹಾಕಬೇಕು?

ಪ್ರಸನ್ನ, ಚಿತ್ರದುರ್ಗ

ತಿಪ್ಪೇಶ್ ಅವರೇ, ಅದು ಬೇರೆ ವಿಷಯ. ಪಾಸ್‌ವರ್ಡ್ ಯಾವ ರೀತಿ ಅಂತ ಸ್ಟೇಟ್‌ಮೆಂಟ್ ಬಂದ ಇಮೇಲ್‌ನಲ್ಲೇ ಬರೆದಿರುತ್ತೆ, ಸಾಮಾನ್ಯವಾಗಿ ಹುಟ್ಟಿದ ದಿನಾಂಕ ಇಲ್ಲ ಮೊಬೈಲ್ ನಂಬರಿನ ಭಾಗ ಸೇರಿಸಿ. ನೆಟ್ ಬ್ಯಾಂಕಿಂಗ್ ಇದ್ದರೆ ಪಿಡಿಎಫ್ ಬಿಟ್ಟು ಎಕ್ಸೆಲ್ ಅಥವಾ CSV ಇಳಿಸಿಕೊಳ್ಳಿ. ಪಿಡಿಎಫ್ ಬದಲಾಯಿಸಿ ಕೊಡ್ತೀವಿ ಅನ್ನೋ ಗೊತ್ತಿಲ್ಲದ ವೆಬ್‌ಸೈಟಿಗೆ ಮಾತ್ರ ಹಾಕಬೇಡಿ. ಇಡೀ ವರ್ಷದ ವ್ಯವಹಾರ ಬೇರೆಯವರ ಕೈಗೆ ಕೊಟ್ಟ ಹಾಗೆ.

ಸುಜಾತಾ ಅವರೇ, ಒಂದು ಕೆಲಸ ಮಾಡಿ. E ಕಾಲಂನಲ್ಲಿ "ಗ್ಯಾಸ್" ಅಂತ ಫಿಲ್ಟರ್ ಹಾಕಿ, B ಕಾಲಂ ಕಣ್ಣಲ್ಲಿ ಓದಿ. ಗ್ಯಾಸ್‌ಗೆ ಸಂಬಂಧ ಇಲ್ಲದ ಯಾರದೋ ಹೆಸರು ಕಾಣುತ್ತೆ. ಯಾವುದು ಅಂತ ಇಲ್ಲಿ ಬರೆಯಿರಿ.

ಸುಜಾತಾ, ನಿಟ್ಟುವಳ್ಳಿ

ಸರ್, ಸಿಕ್ತು! ಹೂವಿನ ಅಕ್ಕ! ಬೆಳಿಗ್ಗೆ ಬಾಗಿಲಿಗೆ ಬಂದು ಹೂವು ಕೊಡ್ತಾರೆ, ಸ್ಕ್ಯಾನ್ ಮಾಡಿ ಹಣ ಹಾಕ್ತೀನಿ. ಸ್ಟೇಟ್‌ಮೆಂಟ್‌ನಲ್ಲಿ ಅವರ ಹೆಸರು NAGASHREE ಅಂತ ಬರುತ್ತೆ. ಅಂಥ ಸಾಲು 292 ಇವೆ, ಒಟ್ಟು 15,440 ರೂಪಾಯಿ. ಅದನ್ನು ಕಳೆದರೆ ಗ್ಯಾಸ್ 5,810. ಸರಿಯಾಗಿ ಕೂತಿತು. ಆದರೆ ಹೂವು ಯಾಕೆ ಗ್ಯಾಸ್ ಆಯ್ತು?

ಪ್ರಸನ್ನ, ಚಿತ್ರದುರ್ಗ

NAGASHREE ಹೆಸರಿನ ಮಧ್ಯದಲ್ಲಿ G, A, S ಒಟ್ಟಿಗೆ ಇದೆ ನೋಡಿ. SEARCH ಪದ ಹುಡುಕಲ್ಲ, ಅಕ್ಷರಗಳ ಸಾಲು ಹುಡುಕುತ್ತೆ. ನಮ್ಮ ಕಡೆ ನಾಗ ಅಂತ ಶುರುವಾಗೋ ಹೆಸರು ಜಾಸ್ತಿ, ಹಾಗಾಗಿ ಇದು ಆಗಾಗ ಸಿಗುತ್ತೆ. ನಿಮ್ಮ "ATM" ಅನ್ನೂ ನೋಡಿಕೊಳ್ಳಿ, MAHATMA ಒಳಗೂ ಅದೇ ಮೂರು ಅಕ್ಷರ ಇವೆ. ಬಾಡಿಗೆಗೆ "RENT" ಅಂತ ಹಾಕಿದ್ದರೆ CURRENT ಕೂಡ ಬಾಡಿಗೆಗೆ ಹೋಗುತ್ತೆ.

ಮಂಜುನಾಥ್ ಹೇಳಿದ ಪಟ್ಟಿಯ ಯೋಚನೆ ಸರಿ. VLOOKUP ಮಾತ್ರ ಇಲ್ಲಿ ನಡೆಯಲ್ಲ. ಅದು ಇಡೀ ವಿವರವನ್ನು ತೆಗೆದುಕೊಂಡು ಪಟ್ಟಿಯಲ್ಲಿ ಅಂಥದ್ದೇ ಇದೆಯಾ ಅಂತ ಹುಡುಕುತ್ತೆ. ನಮಗೆ ಬೇಕಿರೋದು ಉಲ್ಟಾ. ಪಟ್ಟಿಯಲ್ಲಿರೋ ಚಿಕ್ಕ ಪದ ಉದ್ದದ ವಿವರದ ಒಳಗೆ ಇದೆಯಾ ಅಂತ.

ಮಂಜುನಾಥ ಕೆ.

ಸ್ಟಾರ್ ಹಾಕಿದ್ರೆ VLOOKUP ಕೂಡ ಒಳಗಿನ ಪದ ಹುಡುಕುತ್ತೆ ಸರ್. ನಾನು ಅಂಗಡಿ ಸ್ಟಾಕ್‌ಗೆ ದಿನಾ ಬಳಸ್ತೀನಿ.

ಪ್ರಸನ್ನ, ಚಿತ್ರದುರ್ಗ

ನಿಮ್ಮ ಸ್ಟಾಕ್‌ನಲ್ಲಿ ಚಿಕ್ಕ ಪದ ನಿಮ್ಮ ಕೈಯಲ್ಲಿರುತ್ತೆ, ಉದ್ದದ ಹೆಸರು ಪಟ್ಟಿಯಲ್ಲಿರುತ್ತೆ. ಅಲ್ಲಿ ಸ್ಟಾರ್ ಸರಿ. ಇಲ್ಲಿ ಉದ್ದದ್ದು ಕೈಯಲ್ಲಿದೆ, ಚಿಕ್ಕದು ಪಟ್ಟಿಯಲ್ಲಿದೆ. ಒಂದು ಸಲ ಮಾಡಿ ನೋಡಿ, ಗೊತ್ತಾಗುತ್ತೆ.

ಸುಜಾತಾ ಅವರೇ, Keys ಅಂತ ಇನ್ನೊಂದು ಶೀಟ್ ಮಾಡಿ. Aಯಲ್ಲಿ ಹುಡುಕೋ ಪದ, Bಯಲ್ಲಿ ಖರ್ಚಿನ ಗುಂಪು. ಮೊದಲ ಶೀಟಿನ E2ರಲ್ಲಿ ಇದನ್ನು ಹಾಕಿ:

```
=IFERROR(INDEX(Keys!$B$2:$B$60,MATCH(TRUE,ISNUMBER(SEARCH(Keys!$A$2:$A$60,$B2)),0)),"ನೋಡಬೇಕು")
```

2016 ಆದ್ದರಿಂದ ಬರೀ Enter ಒತ್ತಿದರೆ ಆಗಲ್ಲ. Ctrl+Shift+Enter ಒತ್ತಿ, ಸೂತ್ರದ ಸುತ್ತ ಹೂವಿನ ಬ್ರಾಕೆಟ್ ಬರುತ್ತೆ. ಬರೀ Enter ಒತ್ತಿದ್ದರೆ ಹೆಚ್ಚು ಕಮ್ಮಿ ಎಲ್ಲ ಸಾಲಿಗೂ "ನೋಡಬೇಕು" ಅಂತಲೇ ಬರುತ್ತೆ. ಅದೇ ಗುರುತು.

ಪಟ್ಟಿಯಲ್ಲಿ ಮೇಲಿಂದ ಕೆಳಗೆ ಮೊದಲು ಸಿಕ್ಕಿದ್ದು ಗೆಲ್ಲುತ್ತೆ. ಹಾಗಾಗಿ NAGASHREE ಸಾಲನ್ನು GAS ಸಾಲಿಗಿಂತ ಮೇಲೆ ಇಡಿ. ಉದ್ದದ, ಖಚಿತವಾದ ಹೆಸರುಗಳು ಮೇಲೆ, ಮೂರಕ್ಷರದವು ತೀರಾ ಕೆಳಗೆ.

ಸುಜಾತಾ, ನಿಟ್ಟುವಳ್ಳಿ

ಮಾಡಿದೆ ಸರ್. ಹೂವು, ಗ್ಯಾಸ್, ಹಾಲು ಸರಿ ಬಂತು. ಆದರೆ 400ಕ್ಕೂ ಜಾಸ್ತಿ ಸಾಲಲ್ಲಿ 0 ಅಂತ ಬರ್ತಿದೆ. "ನೋಡಬೇಕು" ಅಂತ ಒಂದೂ ಬಂದಿಲ್ಲ.

ಪ್ರಸನ್ನ, ಚಿತ್ರದುರ್ಗ

ನಿಮ್ಮ Keys ಪಟ್ಟಿಯಲ್ಲಿ ಎಷ್ಟು ಪದ ಇವೆ? 60ನೇ ಸಾಲಿನವರೆಗೆ ತುಂಬಿದ್ದೀರಾ?

ಸುಜಾತಾ, ನಿಟ್ಟುವಳ್ಳಿ

ಇಲ್ಲ, 34 ಪದ ಅಷ್ಟೇ.

ಪ್ರಸನ್ನ, ಚಿತ್ರದುರ್ಗ

ಅದೇ ಕಾರಣ, ಮತ್ತು ಇದು ನಾನು ಸೂತ್ರ ಕೊಡುವಾಗಲೇ ಹೇಳಬೇಕಿತ್ತು. ಖಾಲಿ ಸೆಲ್ ಅನ್ನು SEARCHಗೆ ಕೊಟ್ಟರೆ ಅದು "ಸಿಕ್ತು, ಮೊದಲನೇ ಅಕ್ಷರದಲ್ಲೇ ಇದೆ" ಅನ್ನುತ್ತೆ. 34 ಪದದಲ್ಲಿ ಯಾವುದೂ ಹೊಂದದಿದ್ದರೆ 35ನೇ ಖಾಲಿ ಸಾಲು ಹೊಂದಿಬಿಡುತ್ತೆ. ಅದರ ಪಕ್ಕದ ಗುಂಪೂ ಖಾಲಿ, ಅದು 0 ಆಗಿ ಕಾಣುತ್ತೆ. ಖಾಲಿ ಇದ್ದರೆ ಲೆಕ್ಕಕ್ಕೆ ತಗೋಬೇಡ ಅಂತ ಸೇರಿಸಿ:

```
=IFERROR(INDEX(Keys!$B$2:$B$60,MATCH(1,(Keys!$A$2:$A$60<>"")*ISNUMBER(SEARCH(Keys!$A$2:$A$60,$B2)),0)),"ನೋಡಬೇಕು")
```

ಇದಕ್ಕೂ Ctrl+Shift+Enter. ಈಗ 0 ಇದ್ದ ಕಡೆ "ನೋಡಬೇಕು" ಬರುತ್ತೆ. ಆ ಸಾಲುಗಳನ್ನು ದೊಡ್ಡ ಮೊತ್ತದಿಂದ ಚಿಕ್ಕದಕ್ಕೆ ಜೋಡಿಸಿ, ಮೇಲಿನ ಮೂವತ್ತು ನಲವತ್ತನ್ನು ನೋಡಿ ಪದ ಸೇರಿಸ್ತಾ ಹೋಗಿ. ಹತ್ತಿಪ್ಪತ್ತು ರೂಪಾಯಿಯ ಚೂರುಪಾರು ಹಾಗೇ ಉಳಿದರೂ ಪರವಾಗಿಲ್ಲ.

ರುದ್ರೇಶ್, ಹರಿಹರ

ನನ್ನದೂ ಒಂದು ಅನುಭವ ಹೇಳ್ತೀನಿ. ನಾನು ಮೆಕ್ಕೆಜೋಳದ ವ್ಯಾಪಾರ ಮಾಡೋನು, ಎಪಿಎಂಸಿ ಕಡೆ ಓಡಾಟ ಜಾಸ್ತಿ. ಹೋದ ವರ್ಷ ಪಿಡಿಎಫ್‌ನಿಂದ ಕಾಪಿ ಮಾಡಿ ಎಕ್ಸೆಲ್‌ಗೆ ಅಂಟಿಸಿದ್ದೆ. ಎಲ್ಲಾ ಗುಂಪು ಮಾಡಿ ಮುಗಿಸಿದ ಮೇಲೆ ಗೊತ್ತಾಯ್ತು, ಪ್ರತಿ ಪುಟದ ಕೊನೇ ಸಾಲು ಬಂದೇ ಇರಲಿಲ್ಲ. ಹಮಾಲಿ ಕೂಲಿ ಕೊಟ್ಟ ಎಷ್ಟೋ ಸಾಲು ಮಾಯ. ಅದಕ್ಕೇ ಈಗ ಮೊದಲು ಒಂದು ಪರೀಕ್ಷೆ ಮಾಡ್ತೀನಿ. ವರ್ಷದ ಮೊದಲ ಬ್ಯಾಲೆನ್ಸ್‌ಗೆ ಬಂದ ಹಣ ಎಲ್ಲಾ ಕೂಡಿ, ಹೋದ ಹಣ ಎಲ್ಲಾ ಕಳೆದು, ಕೊನೆಯ ಬ್ಯಾಲೆನ್ಸ್ ಪೈಸೆಗೆ ಪೈಸೆ ಬರಬೇಕು. ಬರಲಿಲ್ಲ ಅಂದ್ರೆ ಮುಂದಕ್ಕೆ ಹೋಗೋದೇ ಇಲ್ಲ.

ಪ್ರಸನ್ನ, ಚಿತ್ರದುರ್ಗ

ಇದು ಎಲ್ಲಕ್ಕಿಂತ ಮೊದಲು ಮಾಡಬೇಕಾದ್ದು, ರುದ್ರೇಶಣ್ಣ ಸರಿಯಾಗಿ ಹೇಳಿದ್ರು. ಇನ್ನೊಂದೂ ಇದೆ. C ಕಾಲಂಗೆ SUM ಹಾಕಿದಾಗ 0 ಬಂದರೆ, ಇಲ್ಲ ತೀರಾ ಕಡಿಮೆ ಬಂದರೆ, ಮೊತ್ತಗಳು ಅಂಕಿ ಅಲ್ಲ, ಅಕ್ಷರ ಆಗಿ ಕೂತಿವೆ ಅಂತ ಅರ್ಥ. ಸೆಲ್‌ನ ಎಡಕ್ಕೆ ಅಂಟಿಕೊಂಡಿರುತ್ತವೆ.

ಆಯೇಶಾ

ನಾನು ಕಾಲೇಜಿನಲ್ಲಿದ್ದೀನಿ, ಅಬ್ಬಾಜಾನ್ ಖಾತೆಗೆ ಇದನ್ನೇ ಮಾಡ್ತಿದ್ದೆ. ನನಗೆ ತೊಂದರೆ ಕೊಟ್ಟಿದ್ದು ದಿನಾಂಕ. ನಮ್ಮ ಬ್ಯಾಂಕ್ ಕೊಡೋದು ದಿನ, ತಿಂಗಳು, ವರ್ಷ. ಲ್ಯಾಪ್‌ಟಾಪ್ ಅಮೆರಿಕದ ಕ್ರಮದಲ್ಲಿತ್ತು. 05/04/2024 ಅಂದ್ರೆ ಏಪ್ರಿಲ್ 5, ಅದು ಮೇ 4 ಆಗಿಬಿಡ್ತು. 12ರ ಮೇಲಿನ ದಿನಗಳಿಗೆ ಅಂಥ ತಿಂಗಳೇ ಇಲ್ಲವಲ್ಲ, ಅವು ಅಕ್ಷರವಾಗಿ ಎಡಕ್ಕೆ ಉಳಿದವು. ತಿಂಗಳ ಲೆಕ್ಕ ಪೂರಾ ಕಲಸಿಹೋಯ್ತು.

ಮಂಜುನಾಥ ಕೆ.

ಕಾಲಂ ಆರಿಸಿ Text to Columns ಒತ್ತಿ DMY ಕೊಡಿ, ಸರಿ ಹೋಗುತ್ತೆ.

ಆಯೇಶಾ

ಅಣ್ಣ, ಅದನ್ನೇ ಮೊದಲು ಮಾಡಿದ್ದೆ. ಅಕ್ಷರವಾಗಿ ಉಳಿದ ಸಾಲುಗಳು ಸರಿಯಾದವು. ಆಗಲೇ ತಿರುಗಿ ಹೋಗಿದ್ದವು ಹಾಗೇ ತಪ್ಪಾಗಿ ಉಳಿದವು. ಎಕ್ಸೆಲ್‌ಗೆ ಅವು ಸರಿಯಾದ ದಿನಾಂಕವೇ ಅಲ್ವಾ. ಕೊನೆಗೆ CSVಯನ್ನು ನೇರವಾಗಿ ತೆರೆಯದೆ Data ಮೆನುವಿನ From Text ಮೂಲಕ ತಂದು, ಅಲ್ಲಿ ದಿನಾಂಕದ ಕಾಲಂಗೆ DMY ಅಂತ ಕೊಟ್ಟೆ. ಆಮೇಲೆ ಎಲ್ಲಾ ಸರಿ.

ಮಂಜುನಾಥ ಕೆ.

ಓ, ಇದು ನನಗೆ ಹೊಳೆದಿರಲಿಲ್ಲ. ಸರಿ ಕಣಮ್ಮ.

ಸುಜಾತಾ, ನಿಟ್ಟುವಳ್ಳಿ

ನನ್ನ ದಿನಾಂಕ ಸರಿ ಇದೆ, ಬ್ಯಾಲೆನ್ಸ್ ಕೂಡ ಪೈಸೆಗೆ ಪೈಸೆ ಬಂತು. ರುದ್ರೇಶಣ್ಣ, ಥ್ಯಾಂಕ್ಸ್. ಈಗ ಎರಡನೇ ಪ್ರಶ್ನೆ. ಮಂಜುನಾಥ್ ಅವರು ಹೇಳಿದ ಹಾಗೆ ಮೊತ್ತಕ್ಕೆ COUNTIF ಹಾಕಿದೆ. 40 ರೂಪಾಯಿ 200ಕ್ಕೂ ಜಾಸ್ತಿ ಸಲ, 10 ರೂಪಾಯಿ ನೂರಾರು ಸಲ, 100, 500 ಹೀಗೆ. ಎಲ್ಲಾ ಹೂವು, ತರಕಾರಿ, ಆಟೋ. ಪ್ರತಿ ತಿಂಗಳು ಕಟ್ ಆಗೋದು ಅಂತ ಸಿಕ್ಕಿದ್ದು ಮಗನ ಟ್ಯೂಷನ್ ಫೀಸ್ ಮಾತ್ರ. ಅದು ನನಗೆ ಗೊತ್ತಿರೋದೇ.

ಪ್ರಸನ್ನ, ಚಿತ್ರದುರ್ಗ

ಮೊತ್ತ ಎಣಿಸಬೇಡಿ. ಯಾರಿಗೆ ಹೋಯ್ತು ಅನ್ನೋ ಹೆಸರು ಹಿಡಿದು, ಎಷ್ಟು ಬೇರೆ ಬೇರೆ ತಿಂಗಳಲ್ಲಿ ಹೋಯ್ತು ಅಂತ ಎಣಿಸಿ. ಹೂವಿನ ಅಕ್ಕನಿಗೆ 292 ಸಾಲು ಇದ್ದರೂ ತಿಂಗಳು ಹನ್ನೆರಡೇ. ಸಾಲದ ಕಂತೋ ಚಂದಾನೋ ಆದರೆ ಹನ್ನೆರಡು ಸಾಲು, ಹನ್ನೆರಡು ತಿಂಗಳು. ಸಾಲುಗಳನ್ನು ತಿಂಗಳಿಂದ ಭಾಗಿಸಿ 1ರ ಹತ್ತಿರ ಬಂದರೆ ಅದು ತಿಂಗಳಿಗೊಮ್ಮೆ ಕಟ್ ಆಗೋದು.

ಮೊದಲು ಹೆಸರು ಬಿಡಿಸಬೇಕು. ನಿಮ್ಮ ಯುಪಿಐ ಸಾಲು ಹೇಗಿದೆ? UPI/DR/ಹನ್ನೆರಡಂಕಿ ನಂಬರ್/ಹೆಸರು ಅಂತ ಓರೆ ಗೆರೆಗಳ ಮಧ್ಯೆ ಇದ್ದರೆ ಹೆಸರು ನಾಲ್ಕನೇ ತುಂಡು. ಆ ನಂಬರ್ ಪ್ರತಿ ಸಲ ಬೇರೆ, ಹಾಗಾಗಿ ಇಡೀ ವಿವರ ಹೋಲಿಸಿದರೆ ಯಾವ ಎರಡು ಸಾಲೂ ಒಂದೇ ಆಗಲ್ಲ. F, G, H, I ಕಾಲಂಗಳಿಗೆ ಕ್ರಮವಾಗಿ:

```
=TRIM(MID(SUBSTITUTE($B2,"/",REPT(" ",100)),301,100))
=TEXT($A2,"yyyy-mm")
=IF(COUNTIFS($F$2:$F2,$F2,$G$2:$G2,$G2)=1,1,0)
=SUMIFS($H$2:$H$1187,$F$2:$F$1187,$F2)
```

ಮೊದಲನೆಯದು ಹೆಸರು. ಎರಡನೆಯದು ತಿಂಗಳು. ಮೂರನೆಯದು ಆ ಹೆಸರು ಆ ತಿಂಗಳಲ್ಲಿ ಮೊದಲ ಸಲ ಬಂದಾಗ ಮಾತ್ರ 1 ಹಾಕುತ್ತೆ. ಅದನ್ನು ಕೂಡಿದರೆ ಎಷ್ಟು ತಿಂಗಳು ಅಂತ ಸಿಗುತ್ತೆ. ಹಣ ಹೋದ ಸಾಲುಗಳನ್ನು ಮಾತ್ರ ಬೇರೆ ಶೀಟಿಗೆ ತಗೊಂಡು ಮಾಡಿ, ಬಂದ ಹಣ ಸೇರಬಾರದು. ಆಗ ಸಾಲು ಕಡಿಮೆ ಆಗುತ್ತೆ, 1187ರ ಜಾಗಕ್ಕೆ ನಿಮ್ಮ ಕೊನೇ ಸಾಲಿನ ನಂಬರ್ ಹಾಕಿ. ಓರೆ ಗೆರೆ ಇಲ್ಲದ ಸಾಲುಗಳಲ್ಲಿ F ಖಾಲಿ ಬರುತ್ತೆ. ಅವು ಬ್ಯಾಂಕಿನ ಸ್ವಂತ ಚಾರ್ಜ್ ಇರಬಹುದು, ಬೇರೆಯಾಗಿ ನೋಡಿ.

ರುದ್ರೇಶ್, ಹರಿಹರ

ಒಂದು ತೊಡಕು ಇದೆ. ಅಂಗಡಿ ಬೋರ್ಡ್ ಮೇಲೆ ಒಂದು ಹೆಸರು, ಸ್ಟೇಟ್‌ಮೆಂಟ್‌ನಲ್ಲಿ ಬರೋದು ಮಾಲೀಕರ ಹೆಸರು. ಅವರು ಕ್ಯೂಆರ್ ಬದಲಾಯಿಸಿದರೆ ಮಗನ ಹೆಸರು ಬರುತ್ತೆ. ಮಂಡಿಪೇಟೆಯ ಒಂದೇ ಅಂಗಡಿ ನನ್ನ ಲೆಕ್ಕದಲ್ಲಿ ಮೂರು ಹೆಸರಲ್ಲಿದೆ. ಅದಕ್ಕೆ ಸೂತ್ರ ಇಲ್ಲ, ನಾವೇ ನೆನಪು ಮಾಡಿಕೊಂಡು Keys ಪಟ್ಟಿಗೆ ಮೂರೂ ಹೆಸರು ಹಾಕಬೇಕು.

ತಿಪ್ಪೇಶ್

ಪಾಸ್‌ವರ್ಡ್ ಸಿಕ್ತು, ಥ್ಯಾಂಕ್ಸ್ ಸರ್. ಈಗ ತೆರೆದು ನೋಡ್ತಿದ್ದೀನಿ. ತಿಂಡಿಗೆ ವರ್ಷಕ್ಕೆ ಎಷ್ಟು ಹಾಕಿದ್ದೀನಿ ಅಂತ ನೋಡಿ ಗಾಬರಿ ಆಯ್ತು. ಬೆಣ್ಣೆ ದೋಸೆ ಒಂದೇ ಎಷ್ಟೋ ಸಲ.

ಆಯೇಶಾ

ಅಂಕಲ್, ಬೆಣ್ಣೆ ದೋಸೆನ ಸೋರಿಕೆಗೆ ಸೇರಿಸಬೇಡಿ. ಸಂಜೆ ಮಂಡಕ್ಕಿ ಮಿರ್ಚಿಯನ್ನೂ.

ಸುಜಾತಾ, ನಿಟ್ಟುವಳ್ಳಿ

ಪ್ರಸನ್ನ ಸರ್, ಸಿಕ್ತು, ಸಿಕ್ತು! I ಕಾಲಂನಲ್ಲಿ 11 ತಿಂಗಳು ಅಂತ ಒಂದು ಹೆಸರು, ನನಗೆ ಪರಿಚಯವೇ ಇಲ್ಲ. ಸಾಲು ಕೂಡ ಹನ್ನೊಂದೇ. ಫಿಲ್ಟರ್ ಹಾಕಿ ನೋಡಿದೆ. ಮೇ ತಿಂಗಳಲ್ಲಿ 1 ರೂಪಾಯಿ. ಜೂನ್‌ನಿಂದ ನವೆಂಬರ್‌ವರೆಗೆ 149, ಆರು ಸಲ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ 199, ನಾಲ್ಕು ಸಲ. ಒಟ್ಟು 1,691 ರೂಪಾಯಿ. ಮಗನನ್ನು ಕೇಳಿದೆ. ರಜೆಯಲ್ಲಿ ಯಾವುದೋ ಆ್ಯಪ್ 1 ರೂಪಾಯಿಗೆ ಅಂತ ನನ್ನ ಫೋನಿನಲ್ಲಿ ಹಾಕಿಕೊಂಡಿದ್ದನಂತೆ. ವಾರ ನೋಡಿ ಡಿಲೀಟ್ ಮಾಡಿದ್ದನಂತೆ.

ಮೊತ್ತ ಎಣಿಸಿದಾಗ 149 ಆರು ಸಲ, 199 ನಾಲ್ಕು ಸಲ. ಹತ್ತು ಸಲಕ್ಕಿಂತ ಜಾಸ್ತಿ ಯಾವುದೂ ಇರಲಿಲ್ಲ. ಅದಕ್ಕೇ ತಪ್ಪಿಸಿಕೊಂಡಿತ್ತು.

ಮಂಜುನಾಥ ಕೆ.

ಒಪ್ಪಿದೆ. ನಡುವೆ ರೇಟ್ ಏರಿದರೆ ನನ್ನ ದಾರಿ ಕೆಲಸ ಮಾಡಲ್ಲ. ಆದರೂ ಕಟ್ ಮಾಡೋ ಮೊದಲು ಮೆಸೇಜ್ ಬಂದಿರಬೇಕಲ್ವಾ?

ಗಿರಿಜಮ್ಮ, ವಿದ್ಯಾನಗರ

ಬಂದಿರುತ್ತೆ. ನಾನು ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತಿ ಆದವಳು. ಕಾರ್ಡ್ ಅಥವಾ ಯುಪಿಐ ಮೂಲಕ ತಾನಾಗೇ ಕಟ್ ಆಗೋದಾದರೆ ಕನಿಷ್ಠ 24 ಗಂಟೆ ಮುಂಚೆ ತಿಳಿಸಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮ ಇದೆ. ಮೆಸೇಜ್ ಬರುತ್ತೆ, ಜಾಹೀರಾತಿನ ನೂರು ಮೆಸೇಜಿನ ಮಧ್ಯೆ ಯಾರು ಓದ್ತಾರೆ? ಆದರೆ 15,000 ರೂಪಾಯಿವರೆಗೆ ಸಾಮಾನ್ಯವಾಗಿ ಪ್ರತಿ ಸಲ ಪಿನ್ ಕೇಳಲ್ಲ.

ಸುಜಾತಾ, ಆ್ಯಪ್ ಡಿಲೀಟ್ ಮಾಡಿದರೆ ಕಟ್ ಆಗೋದು ನಿಲ್ಲಲ್ಲಮ್ಮ. ಅನುಮತಿ ಇರೋದು ಯುಪಿಐ ಕಡೆ. ನೀವು ಹಣ ಕಳಿಸೋ ಆ್ಯಪ್‌ನಲ್ಲಿ ಆಟೋಪೇ ಅಂತಲೋ ಮ್ಯಾಂಡೇಟ್ ಅಂತಲೋ ಒಂದು ಜಾಗ ಇರುತ್ತೆ. ಅಲ್ಲಿ ಚಾಲ್ತಿಯಲ್ಲಿರೋ ಎಲ್ಲಾ ಕಾಣುತ್ತವೆ. ಅಲ್ಲಿಂದ ರದ್ದು ಮಾಡಿ. ಎರಡು ಮೂರು ಯುಪಿಐ ಆ್ಯಪ್ ಇದ್ದರೆ ಎಲ್ಲದರಲ್ಲೂ ನೋಡಿ.

ಸುಜಾತಾ, ನಿಟ್ಟುವಳ್ಳಿ

ಅಕ್ಕಾ, ಈಗಲೇ ರದ್ದು ಮಾಡಿದೆ. ಮುಂದಿನ ಕಟ್ ಇದೇ 28ಕ್ಕೆ ಇತ್ತು!

ಅಕ್ಕಾ, ನೀವು ಬ್ಯಾಂಕಿನವರು ಅಂತ ಕೇಳ್ತೀನಿ. ಓರೆ ಗೆರೆ ಇಲ್ಲದ ಸಾಲುಗಳು ಹೀಗಿವೆ: 17.70 ನಾಲ್ಕು ಸಲ, 236 ಒಂದು ಸಲ, 24.78 ಎರಡು ಸಲ, 436 ಒಂದು ಸಲ, 590 ಒಂದು ಸಲ. ಇವು ಏನು?

ಗಿರಿಜಮ್ಮ, ವಿದ್ಯಾನಗರ

ಬ್ಯಾಂಕಿನ ಚಾರ್ಜ್ ಹಿಡಿಯೋಕೆ ಸುಲಭದ ದಾರಿ ಇದೆ. 1.18ರಿಂದ ಭಾಗಿಸಿ. ಚಾರ್ಜ್ ಮೇಲೆ ಶೇ 18 ಜಿಎಸ್‌ಟಿ ಸೇರಿರೋದರಿಂದ ಉಳಿಯೋದು ಪೂರ್ತಿ ರೂಪಾಯಿ. 17.70 ಅಂದ್ರೆ 15, ಮೂರು ತಿಂಗಳಿಗೊಮ್ಮೆ ಬಂದಿದ್ದರೆ ಎಸ್‌ಎಂಎಸ್ ಚಾರ್ಜ್. 236 ಅಂದ್ರೆ 200, ಬಹುಶಃ ಡೆಬಿಟ್ ಕಾರ್ಡಿನ ವರ್ಷದ ಶುಲ್ಕ. 24.78 ಅಂದ್ರೆ 21, ಉಚಿತ ಸಲಗಳು ಮುಗಿದ ಮೇಲೆ ಎಟಿಎಂ ಬಳಸಿದ್ದಕ್ಕೆ. ಇದರ ಮಿತಿ 2025ರ ಮೇ 1ರಿಂದ 23, ಆಮೇಲಿನ ಸಾಲಲ್ಲಿ ನಿಮಗೆ 27.14 ಅಂತ ಕಾಣಬಹುದು. 590 ಅಂದ್ರೆ 500. ಇದು ಯಾವುದು ಅಂತ ಮೊತ್ತ ನೋಡಿ ಹೇಳೋಕೆ ಆಗಲ್ಲ.

436 ಬೇರೆ. ಅದನ್ನು ಭಾಗಿಸಿದರೆ ಪೂರ್ತಿ ರೂಪಾಯಿ ಬರಲ್ಲ. ಮೇ ಕೊನೆಯಲ್ಲಿ ಹೋಗಿದೆ ಅಲ್ವಾ? ಅದು ಪ್ರಧಾನ ಮಂತ್ರಿ ಜೀವನ ಜ್ಯೋತಿ ವಿಮೆ. ಜೂನ್ 1ರಿಂದ ಮೇ 31ಕ್ಕೆ ಒಂದು ವರ್ಷ, 2 ಲಕ್ಷದ ಜೀವ ವಿಮೆ. ಜೊತೆಗೆ 20 ರೂಪಾಯಿ ಇದ್ದರೆ ಅದು ಅಪಘಾತದ ವಿಮೆ, ಸುರಕ್ಷಾ ಬಿಮಾ.

ಪ್ರಸನ್ನ, ಚಿತ್ರದುರ್ಗ

ಅಕ್ಕ ಹೇಳಿದ್ದನ್ನು ಸೂತ್ರ ಮಾಡಿದರೆ ಹೀಗೆ, ಹೌದಾದರೆ TRUE ಬರುತ್ತೆ:

```
=ROUND($C2/1.18,2)=ROUND($C2/1.18,0)
```

ಇದನ್ನು ಇಡೀ ಕಾಲಂಗೆ ಹಾಕಿದರೆ ಕೆಲವು ಸುಳ್ಳು TRUE ಬರುತ್ತವೆ. ಪೂರ್ತಿ ರೂಪಾಯಿಯ ಮೊತ್ತದಲ್ಲಿ 59ರ ಮಗ್ಗಿಯಲ್ಲಿ ಬರೋದೆಲ್ಲಾ ಹೊಂದುತ್ತೆ, 59, 118, 177 ಹೀಗೆ. ತರಕಾರಿಗೆ 118 ಕೊಟ್ಟಿದ್ದರೂ TRUE ಅನ್ನುತ್ತೆ. ಯುಪಿಐ ಸಾಲುಗಳನ್ನು ಬಿಟ್ಟು ಉಳಿದವಕ್ಕೆ ಹಾಕಿ.

ಇನ್ನೊಂದು ಮಾತು. 236, 436 ವರ್ಷಕ್ಕೊಮ್ಮೆ ಬರೋವು. ಹನ್ನೆರಡು ತಿಂಗಳ ಸ್ಟೇಟ್‌ಮೆಂಟ್‌ನಲ್ಲಿ ಒಂದೇ ಸಲ ಕಾಣುತ್ತವೆ, ಮತ್ತೆ ಮತ್ತೆ ಬರೋದು ಅಂತ ಯಾವ ಸೂತ್ರಕ್ಕೂ ಗೊತ್ತಾಗಲ್ಲ. ಹದಿನಾಲ್ಕು ತಿಂಗಳು ಇಳಿಸಿಕೊಂಡರೆ ಕೆಲವು ಎರಡು ಸಲ ಬರುತ್ತವೆ. ಎರಡು ವರ್ಷದ್ದು ಇದ್ದರೆ ಇನ್ನೂ ಒಳ್ಳೇದು.

ಸುಜಾತಾ, ನಿಟ್ಟುವಳ್ಳಿ

ಗಿರಿಜಕ್ಕಾ, ಒಂದು ಸಂಶಯ. ನನ್ನ ಹಳೇ ಖಾತೆ ಇನ್ನೊಂದು ಬ್ಯಾಂಕಿನಲ್ಲಿದೆ, ಮದುವೆಗೆ ಮುಂಚಿನದ್ದು. ಅದರ ಸ್ಟೇಟ್‌ಮೆಂಟ್ ಈಗ ತೆಗೆದೆ. ಅಲ್ಲೂ ಮೇ ಕೊನೆಗೆ 436 ಹೋಗಿದೆ. ಎರಡು ವಿಮೆ ಇದ್ದರೆ 4 ಲಕ್ಷ ಸಿಗುತ್ತಾ?

ಗಿರಿಜಮ್ಮ, ವಿದ್ಯಾನಗರ

ಇಲ್ಲಮ್ಮ. ಒಬ್ಬರಿಗೆ ಒಂದೇ ಖಾತೆಯ ಮೂಲಕ, ಅಷ್ಟೇ. ಎರಡು ಕಡೆ ಕಟ್ಟಿದರೂ 2 ಲಕ್ಷವೇ. ಹೆಚ್ಚಿನ ಕಂತು ಮುಟ್ಟುಗೋಲು ಆಗಬಹುದು ಅಂತ ಯೋಜನೆಯ ನಿಯಮದಲ್ಲೇ ಬರೆದಿದೆ. ಕೌಂಟರ್‌ನಲ್ಲಿ ಕೂತಾಗ ಇಂಥವರನ್ನು ಎಷ್ಟೋ ಜನ ನೋಡಿದ್ದೀನಿ. ಫಾರಂಗೆ ಸಹಿ ಹಾಕಿ ಮರೆತಿರ್ತಾರೆ. ಈಗ ಏಪ್ರಿಲ್, ಸಮಯ ಇದೆ. ಹಳೇ ಖಾತೆಯ ಶಾಖೆಗೆ ಹೋಗಿ ಈ ವಿಮೆ ಮುಂದುವರಿಸಬೇಡಿ ಅಂತ ಬರೆದು ಕೊಡಿ, ಒಂದು ಪ್ರತಿಗೆ ಸೀಲ್ ಹಾಕಿಸಿಕೊಳ್ಳಿ. ಮೇ ಕೊನೆಗೆ ಆ ಖಾತೆ ನೋಡೋದು ಮರೆಯಬೇಡಿ. ಇರೋ ಒಂದನ್ನು ಮಾತ್ರ ನಿಲ್ಲಿಸಬೇಡಿ, ನಾಮಿನಿ ಯಾರು ಅಂತಲೂ ನೋಡಿಕೊಳ್ಳಿ.

ರುದ್ರೇಶ್, ಹರಿಹರ

ನಮ್ಮ ಮನೆಯವರಿಗೂ ಎರಡು ಖಾತೆ ಇದೆ. ನಾಳೆನೇ ನೋಡ್ತೀನಿ.

ವಿಚಿತ್ರ ಖರ್ಚು ಹಿಡಿಯೋದು ಹೇಗೆ, ಅದನ್ನೂ ಹೇಳಿ ಸರ್. ನಾನು ಒಬ್ಬೊಬ್ಬರ ಸರಾಸರಿ ತೆಗೆದು, ಅದರ ಮೂರು ಪಟ್ಟು ದಾಟಿದ್ದಕ್ಕೆ ಕೆಂಪು ಬಣ್ಣ ಹಾಕಿದ್ದೆ. ಒಂದೂ ಕೆಂಪಾಗಲಿಲ್ಲ. ಆದರೆ ಒಂದು ಕಡೆ 300ರ ಬದಲು 2,000 ಹೋಗಿದ್ದು ನನಗೆ ನೆನಪಿದೆ.

ಪ್ರಸನ್ನ, ಚಿತ್ರದುರ್ಗ

ಆ ಹೆಸರಿಗೆ ಎಷ್ಟು ಸಲ ಹೋಗಿದೆ?

ರುದ್ರೇಶ್, ಹರಿಹರ

ನಾಲ್ಕೇ ಸಲ. 300, 320, 310, ಆಮೇಲೆ 2,000.

ಪ್ರಸನ್ನ, ಚಿತ್ರದುರ್ಗ

ಹಾಗಾದರೆ ಲೆಕ್ಕ ಮಾಡಿ. ಸರಾಸರಿ 732.50. ಮೂರು ಪಟ್ಟು 2,197.50. ಆ 2,000 ತಾನೇ ಸರಾಸರಿಯನ್ನು ಮೇಲಕ್ಕೆ ಎಳೆದು ತಾನೇ ಅದರ ಕೆಳಗೆ ಉಳಿದುಕೊಂಡಿತು. ಮೂರೇ ಸಾಲು ಇರೋ ಹೆಸರಲ್ಲಿ ಮೊತ್ತ ಎಷ್ಟೇ ದೊಡ್ಡದಾಗಲಿ, ಸರಾಸರಿಯ ಮೂರು ಪಟ್ಟು ದಾಟೋಕೆ ಸಾಧ್ಯವೇ ಇಲ್ಲ. ಸರಾಸರಿ ಬಿಟ್ಟು ನಡುವಿನ ಬೆಲೆ ತಗೊಳ್ಳಿ:

```
=$C2>3*MEDIAN(IF($F$2:$F$1187=$F2,$C$2:$C$1187))
```

ಇದಕ್ಕೂ Ctrl+Shift+Enter. ನಿಮ್ಮ ನಾಲ್ಕರಲ್ಲಿ ನಡುವಿನ ಬೆಲೆ 315, ಮೂರು ಪಟ್ಟು 945. 2,000 ಸಿಕ್ಕಿಬೀಳುತ್ತೆ. ಒಂದು ಇಲ್ಲ ಎರಡೇ ಸಲ ಹಣ ಹೋದ ಹೆಸರಿಗೆ ಇದು ಏನೂ ಹೇಳಲ್ಲ. ಅಂಥವನ್ನು ಬೇರೆ ತೆಗೆದು ದೊಡ್ಡ ಮೊತ್ತದಿಂದ ಓದಬೇಕು.

ಮಂಜುನಾಥ ಕೆ.

ಮೂರು ಪಟ್ಟು ಯಾಕೆ? ಎರಡು ಪಟ್ಟು ಸಾಕಲ್ವಾ? ಕಿರಾಣಿ ಅಂಗಡಿಗೆ ದುಪ್ಪಟ್ಟು ಹೋದರೂ ನನಗೆ ಗೊತ್ತಾಗಬೇಕು.

ಪ್ರಸನ್ನ, ಚಿತ್ರದುರ್ಗ

ಮೂರು ಅನ್ನೋದು ಶಾಸನ ಅಲ್ಲ. ನಾನು ಎರಡು ಹಾಕಿ ನೋಡಿದ್ದೆ, ಕಿರಾಣಿ ಸಾಲುಗಳೇ ಕೆಂಪಾಗಿ ತುಂಬಿಹೋದವು. ನಿಮಗೆ ಓದೋ ತಾಳ್ಮೆ ಇದ್ದರೆ ಎರಡೇ ಇಟ್ಟುಕೊಳ್ಳಿ.

ಮಂಜುನಾಥ ಕೆ.

ನಾನು ಎರಡೇ ಇಡ್ತೀನಿ. ಹಬ್ಬದ ತಿಂಗಳು ಬಿಟ್ಟು.

ಗಿರಿಜಮ್ಮ, ವಿದ್ಯಾನಗರ

ಹಬ್ಬ ಪ್ರತಿ ವರ್ಷ ಬರುತ್ತೆ. ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ. ಹೋದ ವರ್ಷಕ್ಕೂ ಈ ವರ್ಷಕ್ಕೂ ಹೋಲಿಸುವಾಗ ಅದನ್ನೂ ನೆನಪಿಡಿ. ಜಾತ್ರೆಗೆ ನೆಂಟರು ಬಂದ ತಿಂಗಳು ಇಡೀ ಕೆಂಪಾಗುತ್ತೆ, ಅದು ತಪ್ಪು ಖರ್ಚಲ್ಲ.

ಆಯೇಶಾ

ನಾನು ಒಂದೇ ದಿನ, ಒಂದೇ ಹೆಸರು, ಒಂದೇ ಮೊತ್ತ ಎರಡು ಸಲ ಬಂದಿದ್ದನ್ನು COUNTIFS ಹಾಕಿ ತೆಗೆದೆ. ಒಂಬತ್ತು ಸಿಕ್ಕವು. ಏಳು ನಿಜವಾಗಿ ಎರಡು ಸಲ ಕೊಟ್ಟಿದ್ದೇ, ಬೆಳಿಗ್ಗೆ ಒಂದು ಟೀ, ಸಂಜೆ ಒಂದು. ಎಂಟನೇದರಲ್ಲಿ ಒಂದು ಫೇಲ್ ಆಗಿತ್ತು, ಎರಡು ದಿನ ಬಿಟ್ಟು ವಾಪಸ್ ಬಂದಿದೆ. ಒಂಬತ್ತನೇದು 850 ರೂಪಾಯಿ, ವಾಪಸ್ ಬಂದಿಲ್ಲ. ಮೆಡಿಕಲ್ ಶಾಪ್‌ನವರು ಒಂದೇ ಬಂದಿದೆ ಅಂತಾರೆ.

ಗಿರಿಜಮ್ಮ, ವಿದ್ಯಾನಗರ

ಅಂಗಡಿಗೆ ಯುಪಿಐ ಮಾಡಿ ಅವರಿಗೆ ತಲುಪಿದ ಖಾತ್ರಿ ಸಿಗದಿದ್ದರೆ, ವಹಿವಾಟಿನ ದಿನ ಬಿಟ್ಟು 5 ದಿನದೊಳಗೆ ಹಣ ತಾನಾಗೇ ವಾಪಸ್ ಬರಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ, 2019ರ ರಿಸರ್ವ್ ಬ್ಯಾಂಕ್ ಸುತ್ತೋಲೆಯಲ್ಲಿದೆ. ಆ ಸಾಲಿನ ಹನ್ನೆರಡಂಕಿ ನಂಬರ್ ಬರೆದು ಬ್ಯಾಂಕಿಗೆ ದೂರು ಕೊಡಮ್ಮ. ಅಂಗಡಿಯವರಿಗೆ ತಲುಪಿದ್ದು ಹೌದಾದರೆ ಮಾತ್ರ ಈ ನಿಯಮ ಬರಲ್ಲ, ಅವರಿಂದಲೇ ಕೇಳಬೇಕು.

ಆಯೇಶಾ

ನಂಬರ್ ಇದೆ ಆಂಟಿ. ಅಬ್ಬಾಜಾನ್ ಜೊತೆ ಕೂತು ಇವತ್ತೇ ಹಾಕ್ತೀನಿ.

ಸುಜಾತಾ, ನಿಟ್ಟುವಳ್ಳಿ

ಈಗ ನನ್ನ ಶೀಟಿನಲ್ಲಿ "ನೋಡಬೇಕು" ಅಂತ 61 ಸಾಲು ಉಳಿದಿವೆ, ಎಲ್ಲಾ ಸಣ್ಣ ಮೊತ್ತ. ಗುಂಪುಗಳ ಒಟ್ಟು C ಕಾಲಂ ಒಟ್ಟಿಗೆ ಸರಿಯಾಗಿ ಕೂತಿದೆ. 590 ಮಾತ್ರ ಗೊತ್ತಾಗ್ತಿಲ್ಲ. ಆಗಸ್ಟ್ 14ರಂದು ಹೋಗಿದೆ. ವಿವರದಲ್ಲಿ CHRG ಅಂತ, ಮುಂದೆ ಒಂದು ನಂಬರ್, ಅಷ್ಟೇ.

ಗಿರಿಜಮ್ಮ, ವಿದ್ಯಾನಗರ

ಅದರ ಹಿಂದಿನ ಎರಡು ಮೂರು ದಿನದಲ್ಲಿ ಚೆಕ್ ಏನಾದ್ರೂ ವಾಪಸ್ ಬಂದಿದೆಯಾ? ಸಾಲದ ಕಂತು ಕಟ್ ಆಗುವಾಗ ಬ್ಯಾಲೆನ್ಸ್ ಕಮ್ಮಿ ಇತ್ತಾ? ಅಂಥದ್ದಕ್ಕೂ ದಂಡ ಹಾಕ್ತಾರೆ.

ಸುಜಾತಾ, ನಿಟ್ಟುವಳ್ಳಿ

ಚೆಕ್ ಕೊಟ್ಟೇ ಇಲ್ಲ. ಸಾಲ ಇಲ್ಲ. ಆವತ್ತು ಬ್ಯಾಲೆನ್ಸ್ 18,000 ಮೇಲಿತ್ತು.

ಗಿರಿಜಮ್ಮ, ವಿದ್ಯಾನಗರ

ಹಾಗಾದರೆ ನನಗೂ ಹೊಳೆಯುತ್ತಿಲ್ಲ. ಆ ನಂಬರ್ ಸಮೇತ ಸಾಲಿನ ಪ್ರಿಂಟ್ ತಗೊಂಡು ಹೋಗಿ. ಯಾವ ಚಾರ್ಜ್ ಅಂತ ಬರವಣಿಗೆಯಲ್ಲಿ ಕೇಳಿ.

ಸುಜಾತಾ, ನಿಟ್ಟುವಳ್ಳಿ

ಸೋಮವಾರ ಎರಡೂ ಶಾಖೆಗೆ ಹೋಗ್ತೀನಿ ಅಕ್ಕಾ. ಏನು ಹೇಳಿದ್ರು ಅಂತ ಇಲ್ಲೇ ಬರೀತೀನಿ.